ಹಬ್ಬದ ದಿನ ಅಜ್ಜಿಗೆ ಫೋನ್ ಮಾಡುವಾಗ

ಎರಡು ವರ್ಷದ ಹಿಂದೆ ಹಬ್ಬದ ದಿನ ಫೋನ್ ಮಾಡಿ, "ಅಜ್ಜೀ, ರಜೆ ಸಿಗಲಿಲ್ಲ, ಈ ಶನಿವಾರ ನಾನು ಬರ್ತಿಲ್ಲ" ಅಂದೆ. "ಹೂಂ, ಆಗಲಿ" ಅಂದರು. ಆಮೇಲೆ ಗೊತ್ತಾಯಿತು, ಶನಿವಾರ ಸಂಜೆ ಕತ್ತಲಾಗುವವರೆಗೂ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಅವರಿಗೆ ಕೇಳಿಸಿದ್ದು "ಬರ್ತೀನಿ".

ಅವತ್ತಿನಿಂದ ನಾನು ಮಾತಾಡುವ ರೀತಿಯನ್ನೇ ಬದಲಿಸಿದೆ. ನಮ್ಮ ಭಾಷೆಯಲ್ಲಿ "ಇಲ್ಲ" ಅನ್ನೋದು ಮಾತಿನ ಕೊನೆಗೆ ಬರುತ್ತದೆ, ಅಷ್ಟು ಹೊತ್ತಿಗೆ ನಮ್ಮ ದನಿ ಇಳಿದಿರುತ್ತದೆ. ಕಿವಿ ಮಂದವಾದವರಿಗೆ ಮೊದಲು ತಪ್ಪಿಹೋಗುವುದೇ ಆ ಬಾಲ. ಹಾಗಾಗಿ ಈಗ "ಇಲ್ಲ"ವನ್ನು ಮುಂದಕ್ಕೆ ತರುತ್ತೇನೆ: "ಅಜ್ಜೀ, ಇಲ್ಲ. ಶನಿವಾರ ಇಲ್ಲ. ಸೋಮವಾರ ಬರ್ತೀನಿ." ಬರೀ "ಬರಲ್ಲ" ಅಂತ ನಿಲ್ಲಿಸುವುದಿಲ್ಲ. ಯಾವಾಗ ಬರ್ತೀನಿ ಅನ್ನೋದೂ ಸಿಕ್ಕರೆ ಅವರು ಎರಡನ್ನೂ ಹೊಂದಿಸಿಕೊಳ್ಳುತ್ತಾರೆ.

ಮೊದಲೆಲ್ಲ ಕೇಳಿಸದಿದ್ದರೆ ಕೂಗುತ್ತಿದ್ದೆ. ಕೂಗಿದಾಗ ಜೋರಾಗುವುದು ಆ, ಈ, ಊ ಅನ್ನುವ ಸ್ವರಗಳು, ಅವು ಅಜ್ಜಿಗೆ ಹೇಗೂ ಕೇಳಿಸುತ್ತಿದ್ದವು. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಸಣ್ಣ, ಚೂಪು ಸದ್ದುಗಳು, ಅಂದರೆ ಸ, ಶ, ತ, ಕ ಇಂಥವು. ಜೊತೆಗೆ ಹಳೆಯ ಬಗೆಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ದಾಟಿಸುತ್ತದೆ. "ಸ"ಕಾರದ ಬಹುಪಾಲು ಅದಕ್ಕಿಂತ ಮೇಲಿರುತ್ತದೆ. ಎದುರಿಗಿದ್ದರೆ ತುಟಿ ನೋಡಿಯಾದರೂ ತಿಳಿದುಕೊಳ್ಳುತ್ತಿದ್ದರು, ಫೋನಲ್ಲಿ ಅದೂ ಇಲ್ಲ. "ಹಬ್ಬದ ಹಾರ್ದಿಕ ಶುಭಾಶಯಗಳು" ಅಂದರೆ ಅವರಿಗೆ ಬರೀ ಗುಂಯ್ ಅನ್ನುವ ಸದ್ದು. ಅದನ್ನು ಬಿಟ್ಟು "ಇವತ್ತು ಹಬ್ಬ ಅಜ್ಜೀ. ನಿನ್ನ ನೆನಪಾಯ್ತು" ಅನ್ನುತ್ತೇನೆ.

ನಿಧಾನ ಅಂದರೆ ಅಕ್ಷರ ಎಳೆಯುವುದಲ್ಲ, ಇದನ್ನು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಕನ್ನಡದಲ್ಲಿ ಎಳೆದರೆ ಪದವೇ ಬೇರೆಯಾಗುತ್ತದೆ, "ಬಳೆ" ಹೋಗಿ "ಬಾಳೆ" ಆಗುತ್ತದೆ. ಪದವನ್ನು ಎಂದಿನಂತೆ ಹೇಳಿ, ಎರಡು ಮೂರು ಪದಕ್ಕೊಮ್ಮೆ ಒಂದು ಉಸಿರಿನಷ್ಟು ನಿಲ್ಲಬೇಕು. ಆ ನಿಲುಗಡೆಯಲ್ಲೇ ಅವರು ಕೇಳಿದ್ದನ್ನು ಜೋಡಿಸಿಕೊಳ್ಳುವುದು. ಅಲ್ಲಿ ಇನ್ನೊಂದು ಮಾತು ತುರುಕಿದರೆ ಎರಡೂ ಹೋಯಿತು.

ಹಬ್ಬದ ದಿನ ಎರಡೂ ಕಡೆ ಗಲಾಟೆ ಇರುತ್ತದೆ. ಅದಕ್ಕೆ ಜನ ಸೇರುವ ಮೊದಲೇ, ಬೆಳಿಗ್ಗೆ, ಬಾಗಿಲು ಮುಚ್ಚಿಕೊಂಡು ಮಾತಾಡುತ್ತೇನೆ. ನನ್ನ ಫೋನನ್ನು ಸ್ಪೀಕರ್‌ಗೆ ಹಾಕುವುದಿಲ್ಲ. ಅಜ್ಜಿಯ ಶ್ರವಣ ಸಾಧನ ಕಿವಿಯ ಹಿಂದೆ ಕೂರುವಂಥದ್ದು, ಅದರ ಮೈಕು ಇರುವುದು ಮೇಲುಗಡೆ. ಫೋನನ್ನು ಕಿವಿಯ ತೂತಿಗೆ ಒತ್ತದೆ ಸ್ವಲ್ಪ ಮೇಲಕ್ಕೆ ಹಿಡಿಯಬೇಕು ಅಂತ ಚಿಕ್ಕಮ್ಮ ಹೇಳಿಕೊಟ್ಟ ಮೇಲೆ ಅರ್ಧ ತೊಂದರೆ ಕಡಿಮೆಯಾಯಿತು.

ಕಳೆದ ಹಬ್ಬದ ಮಾತು ಹೀಗೆ ನಡೆಯಿತು.

"ಅಜ್ಜೀ. ನಾನು. ಸುಮ."

"ಯಾರು? ಉಮನಾ?"

ಇಲ್ಲೇ ನೋಡಿ, "ಸ" ಮಾಯವಾಗಿತ್ತು. ಅದನ್ನೇ ಮತ್ತೆ ಕೂಗಿದರೆ ಮತ್ತೆ ಉಮನೇ. "ನಿನ್ನ ದೊಡ್ಡ ಮೊಮ್ಮಗಳು" ಅಂದೆ, ತಕ್ಷಣ "ಓ, ಸುಮಾ, ಹೇಳು ಮಗಾ" ಅಂದರು. ಒಂದು ಸಲ ಕೇಳಿಸದ ಪದವನ್ನು ಇನ್ನೊಮ್ಮೆ ಹೇಳಿ ನೋಡುತ್ತೇನೆ, ಆಗಲೂ ಆಗದಿದ್ದರೆ ಪದವನ್ನೇ ಬದಲಿಸುತ್ತೇನೆ. "ಬಿಡಜ್ಜಿ, ಏನಿಲ್ಲ" ಅಂತ ಮಾತ್ರ ಯಾವತ್ತೂ ಹೇಳುವುದಿಲ್ಲ. ಆ ಮಾತು ಮಾತ್ರ ಅವರಿಗೆ ಹೇಗೋ ಕೇಳಿಸಿಬಿಡುತ್ತದೆ, ಆಮೇಲೆ ಅವರು ಕೇಳುವುದನ್ನೇ ನಿಲ್ಲಿಸುತ್ತಾರೆ.

ವಿಷಯ ಬದಲಿಸುವಾಗ ಮೊದಲೇ ತಿಳಿಸುತ್ತೇನೆ: "ಈಗ ಔಷಧಿ ವಿಷಯ." ಆಮೇಲೆ, "ಮಾತ್ರೆ ತಗೊಂಡ್ಯಾ? ಇನ್ನೂ ತಗೋಬೇಕಾ?" "ಹೇಗಿದ್ದೀಯ, ಏನು ಸಮಾಚಾರ" ಅಂತ ಕೇಳಿದರೆ ಉತ್ತರ "ಹೂಂ". ಎರಡರಲ್ಲಿ ಒಂದು ಆರಿಸುವ ಹಾಗೆ ಕೇಳಿದರೆ ಮಾತು ಹೊರಡುತ್ತದೆ. "ಹೂಂ" ಅಂದರೆ ಕೇಳಿಸಿತು ಅಂತಲ್ಲ, ನಮಗೆ ಬೇಜಾರಾಗದಿರಲಿ ಅಂತ ಅನ್ನುವ ಹೂಂ ಅದು. ಹಾಗಾಗಿ ಮುಖ್ಯ ಸಂಗತಿಗೆ "ಕೇಳಿಸ್ತಾ?" ಅಂತ ಕೇಳದೆ, ಹೂಂ ಅನ್ನಲಾಗದ ಪ್ರಶ್ನೆ ಹಾಕುತ್ತೇನೆ. ಅವತ್ತೂ ಕೇಳಿದೆ, "ಅಜ್ಜೀ, ನಾನು ಯಾವ ದಿನ ಬರೋದು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ.

"ಸೋಮವಾರ ಅಂದ್ಯಲ್ಲ. ಶನಿವಾರ ಕಾಯಲ್ಲ ನಾನು."