ಯುಗಾದಿ ಕಾರ್ಡಿನ ಆರು ಸಾಲು

ಮಂಡ್ಯದಲ್ಲಿ ನನ್ನದೊಂದು ದಿನಸಿ ಅಂಗಡಿ. ತಿಂಗಳಿಗೊಮ್ಮೆ ಚೀಟಿ ಕೊಟ್ಟು ಸಾಮಾನು ಕಟ್ಟಿಸಿಕೊಳ್ಳುವ ವರ್ತನೆಯ ಮನೆಗಳು ಇನ್ನೂರಕ್ಕೂ ಮಿಕ್ಕಿವೆ. ಯುಗಾದಿಗೆ ಅವರಿಗೆಲ್ಲ ಕ್ಯಾಲೆಂಡರ್ ಕೊಡುವ ರೂಢಿ ಅಪ್ಪನ ಕಾಲದ್ದು. ಈ ಸಲ, 2026ರ ಯುಗಾದಿಗೆ, ಅದರ ಜೊತೆ ಒಂದು ಕಾರ್ಡು ಕೊಡಬೇಕು, ಅದರಲ್ಲಿ ನಾನೇ ಬರೆದ ಪದ್ಯ ಇರಬೇಕು ಅಂತ ಮನಸ್ಸಾಯಿತು. ‘ವರುಷ’ಕ್ಕೆ ‘ಹರುಷ’ ಸೇರಿಸಿದ ಸಾಲು ಪ್ರೆಸ್ಸಿನವರ ಹತ್ತಿರ ತಯಾರೇ ಇರುತ್ತದೆ. ಆದರೆ ಅದನ್ನು ಬಟ್ಟೆ ಅಂಗಡಿಯವರೂ ಕೊಡುತ್ತಾರೆ, ಚೀಟಿ ಫಂಡಿನವರೂ ಕೊಡುತ್ತಾರೆ. ಹೆಸರು ಮುಚ್ಚಿದರೂ ಇದು ದಿನಸಿ ಅಂಗಡಿಯಿಂದ ಬಂದದ್ದು ಅಂತ ಗೊತ್ತಾಗುವ ಪದ್ಯ ನನಗೆ ಬೇಕಾಗಿತ್ತು.

ಫೆಬ್ರವರಿ ಮೊದಲ ವಾರವೇ ಕೂತೆ. ಹೈಸ್ಕೂಲಿನಲ್ಲಿ ಕಲಿತ ಷಟ್ಪದಿಗಳು ಸ್ವಲ್ಪ ನೆನಪಿದ್ದವು. ಭಾಮಿನಿಯಲ್ಲಿ ಬರೆಯೋಣ ಅಂತ ಹೊರಟರೆ ಸಣ್ಣ ಸಾಲಿಗೇ 14 ಮಾತ್ರೆ, ಉದ್ದದ ಸಾಲಿಗೆ 23. ಅಂಗೈಯಗಲದ ಕಾರ್ಡಿನಲ್ಲಿ ಅದು ಸಣ್ಣಕ್ಷರವಾಗಿ, ವಯಸ್ಸಾದವರು ಕನ್ನಡಕ ಹುಡುಕಬೇಕಾಗುತ್ತದೆ. ಶರ ಷಟ್ಪದಿ ಅದಕ್ಕಿಂತ ತುಂಬಾ ಚಿಕ್ಕದು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ ನಾಲ್ಕು ಮಾತ್ರೆಯ ಎರಡೆರಡು ಗಣ. ಮೂರು ಮತ್ತು ಆರನೇ ಸಾಲಿಗೆ ಅಂಥ ಮೂರು ಗಣ, ಕೊನೆಗೊಂದು ಗುರು, ಅಲ್ಲಿ ಲಘು ಬಂದರೂ ಗುರು ಅಂತಲೇ ಎಣಿಕೆ. ಆರೂ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಇರಬೇಕು, ಅದೇ ಆದಿಪ್ರಾಸ. ಶಾಲೆಯಲ್ಲಿ ರಾಗವಾಗಿ ಹೇಳಿಕೊಂಡ ಛಂದಸ್ಸು, ಓದುವವರ ಬಾಯಿಗೂ ಬೇಗ ಹತ್ತುತ್ತದೆ.

ಪ್ರಾಸಕ್ಕೆ ಮೊದಲು ಸಿಕ್ಕಿದ್ದು ‘ಕ್ಕ’. ಅಕ್ಕಿ, ಸಕ್ಕರೆ, ಲೆಕ್ಕ, ಅಕ್ಕ, ಮಕ್ಕಳು, ಹೀಗೆ ಅರ್ಧ ಅಂಗಡಿಯೇ ಆ ಒತ್ತಿನಲ್ಲಿತ್ತು. ಒಂದು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮೊದಲ ಮೂರು ಸಾಲು ಬಂದವು:

ಅಕ್ಕಿಯ ಬೇಳೆಯ
ಲೆಕ್ಕವನೆಲ್ಲವ
ಪಕ್ಕಕೆ ಇಟ್ಟೆನು ಈ ದಿನವು

ಮಾತ್ರೆ ಒಂದೂ ತಪ್ಪಿಲ್ಲ. ಖುಷಿಯಿಂದ ಮನೆಯವಳಿಗೆ ಓದಿ ಹೇಳಿದೆ. ಅವಳು ಎರಡು ಸಲ ಹೇಳಿಸಿಕೊಂಡು, “ಬಾಕಿ ಇಟ್ಟಿರೋರು ಇದನ್ನ ಓದ್ಕೊಂಡ್ರೆ ಏನಂದ್ಕೋತಾರೆ ಹೇಳಿ?” ಅಂದಳು. ನನಗೆ ತಟ್ಟನೆ ಅರ್ಥವಾಯಿತು. ನಾನು ಹೇಳಹೊರಟದ್ದು, ಇವತ್ತು ವ್ಯಾಪಾರದ ಮಾತು ಬೇಡ, ಬರೀ ಪ್ರೀತಿಯ ಮಾತು ಅಂತ. ಆದರೆ ನಮ್ಮ ಗಿರಾಕಿಗಳಿಗೆ ‘ಲೆಕ್ಕ’ ಅಂದರೆ ಆ ಉದ್ದನೆಯ ಪುಸ್ತಕ, ಅದರಲ್ಲಿ ಅವರ ಹೆಸರಿನ ಪುಟ. ಎರಡು ತಿಂಗಳ ಬಾಕಿ ಇರುವ ಮನೆಯಲ್ಲಿ ಇದನ್ನು ಓದಿದರೆ, ಹಬ್ಬದ ದಿನವೂ ನೆನಪು ಮಾಡಿದ ಅಂತ ನೊಂದುಕೊಳ್ಳುತ್ತಾರೆ. ಇನ್ನು ಕೆಲವರು ‘ಪಕ್ಕಕ್ಕೆ ಇಟ್ಟೆ’ ಅನ್ನುವುದನ್ನು ಮನ್ನಾ ಮಾಡಿದೆ ಅಂತಲೇ ತಿಳಿದುಕೊಳ್ಳಬಹುದು. ಎರಡೂ ನನಗೆ ಬೇಡ. ಆ ರಾತ್ರಿಯೇ ಒಂದು ಕಟ್ಟುಪಾಡು ಹಾಕಿಕೊಂಡೆ: ಲೆಕ್ಕ, ಬಾಕಿ, ಋಣ, ಕೊಡು, ತೀರು, ಈ ಯಾವ ಮಾತೂ ಪದ್ಯದಲ್ಲಿ ಸುಳಿಯಬಾರದು. ‘ನಿಮ್ಮ ಋಣ ತೀರಿಸಲಾರೆ’ ಅಂತ ಬೇರೆ ಯಾರು ಬೇಕಾದರೂ ಬರೆಯಬಹುದು. ಸಾಲದ ಪುಸ್ತಕ ಇಟ್ಟುಕೊಂಡವನು ಬರೆದರೆ ಅದರ ಅರ್ಥವೇ ಬೇರೆಯಾಗುತ್ತದೆ.

ಪ್ರಾಸ ಬದಲಾಯಿಸಿದೆ. ಯುಗಾದಿಗೆ ಬೇವು ಬೆಲ್ಲ ಬರಲೇಬೇಕು, ಬೆಲ್ಲ ನಮ್ಮೂರಿನ ಕಡೆಯೇ ತಯಾರಾಗುವಂಥದ್ದು, ಅಂಗಡಿಯ ಸರಕು ಕೂಡ. ‘ಲ್ಲ’ ಹಿಡಿದರೆ ಕಲ್ಲು, ಎಲ್ಲ, ಮೆಲ್ಲು, ಎಲ್ಲಿ ಎಲ್ಲವೂ ಸಾಲಾಗಿ ಬಂದವು. ಅಪ್ಪ ಬಳಸುತ್ತಿದ್ದ ತಕ್ಕಡಿ, ತೂಕದ ಕಲ್ಲುಗಳು ಇನ್ನೂ ಗಲ್ಲಾಪೆಟ್ಟಿಗೆ ಹಿಂದಿನ ಗೂಡಿನಲ್ಲಿವೆ. ಈಗ ತೂಗುವುದು ಎಲೆಕ್ಟ್ರಾನಿಕ್ ಯಂತ್ರದಲ್ಲಿ, ಆದರೆ ಹಳೇ ಗಿರಾಕಿಗಳು ತಕ್ಕಡಿಯ ಮುಳ್ಳು ನೋಡುತ್ತ ನಿಂತವರು. ಮುಳ್ಳನ್ನು ನೋಡದೆ ಚೀಲ ಮಡಚಿಕೊಂಡು ಹೋಗುವವರೂ ಇದ್ದರು, ಅವರೇ ಅಪ್ಪನ ವರ್ತನೆಯವರು. ಪದ್ಯದ ವಸ್ತು ಅಲ್ಲಿ ಸಿಕ್ಕಿತು. ಬೆಲ್ಲವನ್ನು ತೂಗಲು ನಮ್ಮಲ್ಲಿ ಕಲ್ಲಿದೆ, ನಿಮ್ಮ ನಂಬಿಕೆಯನ್ನು ಯಾವ ಕಲ್ಲಿನಲ್ಲಿ ತೂಗಲಿ ಅಂತ.

ಮೊದಲೆರಡು ಸಾಲು ಸಲೀಸಾಗಿ ಕೂತವು. ಬೆಲ್ಲಕೆ, ತಕ್ಕಡಿ, ಕಲ್ಲಿದೆ, ನಮ್ಮಲಿ. ನಾಲ್ಕೂ ಒಂದೇ ಅಳತೆ, ಒಂದು ಗುರು, ಎರಡು ಲಘು. ಮೂರನೆಯದು ಮಾತ್ರ ವಾರಗಟ್ಟಲೆ ಕಾಡಿತು. ನಾನು ಬರೆದದ್ದು ‘ಎಲ್ಲಿದೆ ಬಟ್ಟು ನಂಬಿಕೆಗೆ’. ಬಟ್ಟು ಅಂದರೆ ತೂಕದ ಬಟ್ಟು, ನಮ್ಮ ಕಸುಬಿನ ಸೊಗಸಾದ ಮಾತು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತಿತ್ತು, ರಾಗವಾಗಿ ಹೇಳಿದರೆ ಮಾತ್ರ ನಡುವೆ ಎಡವುತ್ತಿತ್ತು. ಮೇಜಿನ ಮೇಲೆ ಬೆರಳು ಬಡಿದು ಎಣಿಸಿದಾಗ ಗೊತ್ತಾಯಿತು. ‘ಎಲ್ಲಿದೆ’ ನಾಲ್ಕು ಮಾತ್ರೆ, ಸರಿ. ‘ಬಟ್ಟು’ ಮೂರೇ. ನಾಲ್ಕನೆಯದನ್ನು ಮುಂದಿನ ‘ನಂ’ ಇಂದ ತೆಗೆದುಕೊಳ್ಳಬೇಕು, ಆದರೆ ಅದು ಅನುಸ್ವಾರವಿರುವ ಗುರು, ಎರಡು ಮಾತ್ರೆಯದು. ಅರ್ಧ ಈಚೆ, ಅರ್ಧ ಆಚೆ ಸೀಳಲು ಬರುವುದಿಲ್ಲ. ಬಾಯಿ ಎಡವುತ್ತಿದ್ದದ್ದು ಸರಿಯಾಗಿ ಆ ಜಾಗದಲ್ಲೇ.

‘ಬಟ್ಟದು’ ಅಂತ ಮಾಡಿದರೆ ನಾಲ್ಕಾಗುತ್ತದೆ. ಮಾತ್ರೆ ಸಾಲದಿದ್ದರೆ ‘ಅದು’, ‘ಇದು’, ‘ತಾ’ ತುರುಕುವ ಅಭ್ಯಾಸ ನನಗೂ ಇದೆ. ಅಂಗಡಿಗೆ ಬರುವ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ ತೋರಿಸಿದೆ. “ತೂಕ ಸಾಲ್ದು ಅಂತ ಅಕ್ಕಿಗೆ ಕಲ್ಲು ಬೆರೆಸ್ತೀಯೇನಪ್ಪಾ?” ಅಂದರು. ನನ್ನ ಕಸುಬಿನ ಮಾತಿನಲ್ಲೇ ಹೇಳಿದ್ದರಿಂದ ಚೆನ್ನಾಗಿ ನಾಟಿತು. ‘ಬಟ್ಟು’ ಬಿಟ್ಟು ‘ತೂಕವು’ ಅಂತ ಮಾಡಿದೆ. ಆ ಮಾತು ಕೈಬಿಟ್ಟದ್ದಕ್ಕೆ ಇವತ್ತಿಗೂ ಸ್ವಲ್ಪ ಬೇಜಾರಿದೆ.

ಉಳಿದ ಮೂರು ಸಾಲು ಹಾರೈಕೆಗೆ. ‘ಮೆಲ್ಲುವ ಬೇವಲಿ ಬೆಲ್ಲವೆ ಹೆಚ್ಚಿರ’ ಅಂತ ಐದನೇ ಸಾಲು ಮುರಿದು, ಆರನೆಯದನ್ನು ‘ಲೆಲ್ಲರ ಮನೆಯಲಿ’ ಅಂತ ಶುರು ಮಾಡಿದ್ದೆ. ಷಟ್ಪದಿಯಲ್ಲಿ ಪದ ಹೀಗೆ ಸಾಲು ದಾಟುವುದು ತಪ್ಪಲ್ಲ, ಹಳೆಯ ಕಾವ್ಯಗಳಲ್ಲಿ ತುಂಬಾ ಇದೆ. ಆದರೆ ಪಿಯುಸಿ ಓದುವ ನನ್ನ ಮಗಳೇ “ಲೆಲ್ಲರ ಅಂದ್ರೆ ಏನಪ್ಪಾ?” ಅಂದಳು. ಕಾರ್ಡು ಓದುವವರಿಗೆ ಪಕ್ಕದಲ್ಲಿ ಕೂತು ಪದ ಬಿಡಿಸಿ ಹೇಳುವವರು ಯಾರೂ ಇರುವುದಿಲ್ಲ. ‘ಹೆಚ್ಚಿರಲಿ’ ತೆಗೆದು ‘ಹೆಚ್ಚಲಿ’ ಅಂದಾಗ ಸಾಲು ಅಲ್ಲೇ ಮುಗಿಯಿತು, ಮಾತ್ರೆಯೂ ನಾಲ್ಕೇ ಆಯಿತು. ಕೊನೆಗೆ ಪದ್ಯ ಹೀಗೆ ನಿಂತಿತು:

ಬೆಲ್ಲಕೆ ತಕ್ಕಡಿ
ಕಲ್ಲಿದೆ ನಮ್ಮಲಿ,
ಎಲ್ಲಿದೆ ತೂಕವು ನಂಬಿಕೆಗೆ?
ಮೆಲ್ಲುವ ಬೇವಲಿ
ಬೆಲ್ಲವು ಹೆಚ್ಚಲಿ
ಎಲ್ಲರ ಮನೆಯಲಿ ವರುಷವಿಡೀ

ಬೆಲ್ಲ ಎರಡು ಸಲ ಬಂತಲ್ಲ ಅಂತ ಮೇಷ್ಟ್ರು ಕೇಳಿದರು. ಮೊದಲನೆಯದು ನಾನು ತೂಗುವ ಬೆಲ್ಲ, ಎರಡನೆಯದು ಅವರು ತಿನ್ನುವ ಬೆಲ್ಲ, ಎರಡೂ ಇರಲಿ ಅಂದೆ. ಅವರು ಒಪ್ಪಿದರು.

ಸಂವತ್ಸರದ ಹೆಸರನ್ನೂ ಪದ್ಯದಲ್ಲಿ ಸೇರಿಸುವ ಆಸೆಯಿತ್ತು. ಈ ವರ್ಷದ್ದು ‘ಪರಾಭವ’. ಐದು ಮಾತ್ರೆಯ ಪದ, ನಾಲ್ಕರ ಗಣಕ್ಕೆ ಒಗ್ಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅದರ ಅರ್ಥ ಸೋಲು. ಪಂಚಾಂಗದ ಅರವತ್ತು ಹೆಸರಲ್ಲಿ ಅದೂ ಒಂದು ಅಂತ ತಿಳಿದವರಿಗೆ ಗೊತ್ತು, ಆದರೂ ಹಾರೈಕೆಯ ಸಾಲಿನಲ್ಲಿ ಅದನ್ನು ಕಂಡರೆ ಮನಸ್ಸು ಅಳುಕುತ್ತದೆ. ಕೆಳಗೆ ಸಣ್ಣದಾಗಿ ‘ಪರಾಭವ ಸಂವತ್ಸರ, ಚೈತ್ರ ಶುದ್ಧ ಪಾಡ್ಯ, 19 ಮಾರ್ಚ್ 2026’ ಅಂತ ದಿನಾಂಕದ ಜೊತೆ ಹಾಕಿಸಿದೆ. ದಿನಾಂಕದಲ್ಲಿ ಇದ್ದರೆ ಯಾರೂ ಅರ್ಥ ಹಚ್ಚುವುದಿಲ್ಲ.

ಪ್ರೆಸ್ಸಿನಲ್ಲಿ ಒಂದು ತೊಂದರೆಯಾಯಿತು. ನಾನು ಮೊಬೈಲಿನಿಂದ ಕಳಿಸಿದ್ದು ಯೂನಿಕೋಡ್ ಅಕ್ಷರ, ಅವರ ಪುಟ ಕಟ್ಟುವ ಸಾಫ್ಟ್‌ವೇರ್‌ಗೆ ಬೇಕಾದದ್ದು ಹಳೇ ಫಾಂಟಿನ ಅಕ್ಷರ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಎರಡು ಕಡೆ ಒತ್ತು ಬಿದ್ದುಹೋಗಿತ್ತು. ‘ಬೆಲ್ಲವು’ ‘ಬೆಲವು’ ಆಗಿತ್ತು, ‘ಹೆಚ್ಚಲಿ’ ‘ಹೆಚಲಿ’ ಆಗಿತ್ತು. ಒತ್ತು ಹೋದರೆ ನಮ್ಮ ಪದ್ಯದಲ್ಲಿ ಅರ್ಥ, ಪ್ರಾಸ, ಮಾತ್ರೆ ಮೂರೂ ಒಟ್ಟಿಗೆ ಹೋಗುತ್ತವೆ. ಜೊತೆಗೆ ಅಕ್ಷರ ಜೋಡಿಸುವ ಹುಡುಗ ‘ವರುಷವಿಡೀ’ ತಪ್ಪು ಅಂದುಕೊಂಡು ‘ವರುಷವಿಡಿ’ ಅಂತ ತಿದ್ದಿದ್ದ, ಒಳ್ಳೆಯ ಮನಸ್ಸಿನಿಂದಲೇ. ಪ್ರೂಫನ್ನು ಮೊಬೈಲಿನಲ್ಲಿ ನೋಡಿ ಸರಿ ಅನ್ನದೆ, ಅಲ್ಲೇ ಹೋಗಿ ಕಾಗದದ ಮೇಲೆ ತೆಗೆಸಿ, ಅಕ್ಷರ ಅಕ್ಷರ ಬೆರಳಿಟ್ಟು ಓದಿದ್ದಕ್ಕೆ ಇವು ಕಣ್ಣಿಗೆ ಬಿದ್ದವು.

ಅಚ್ಚಿಗೆ ಹೋಗುವ ಮುಂಚೆ ಇನ್ನೊಂದು ವಿಷಯ ಮನಸ್ಸಿಗೆ ಬಂತು. ನಮ್ಮ ವರ್ತನೆಯಲ್ಲಿ ಏಳು ಮನೆಗಳಲ್ಲಿ ಆ ವರ್ಷದೊಳಗೆ ಸಾವಾಗಿತ್ತು. ಅಂಥ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ‘ಯುಗಾದಿ ಹಬ್ಬದ ಶುಭಾಶಯಗಳು’ ಅನ್ನುವ ತಲೆಬರಹದ ಕಾರ್ಡನ್ನು ಅವರ ಕೈಗೆ ಹೇಗೆ ಕೊಡುವುದು? ಕೊಡದೆ ಬಿಟ್ಟರೆ ಪಕ್ಕದ ಮನೆಗೆ ಬಂದದ್ದು ತಮಗೆ ಬರಲಿಲ್ಲ ಅನ್ನಿಸುತ್ತದೆ. ಪದ್ಯವನ್ನು ಮತ್ತೆ ಓದಿ ನೋಡಿದೆ, ಅದರಲ್ಲಿ ‘ಹಬ್ಬ’ ಅನ್ನುವ ಮಾತೇ ಇರಲಿಲ್ಲ. ನಾನು ಬೇಕಂತ ಮಾಡಿದ್ದಲ್ಲ, ಹಾಗೆ ಬಂದಿತ್ತು. ಡಿಜಿಟಲ್ ಪ್ರಿಂಟಿನಲ್ಲಿ 12×18 ಇಂಚಿನ ಒಂದು ಹಾಳೆಗೆ ಎಂಟು ಕಾರ್ಡು ಬರುತ್ತವೆ. 28 ಹಾಳೆ ಹಾಕಿಸಿದೆ. 27ರಲ್ಲಿ ತಲೆಬರಹ ಇತ್ತು, ಒಂದರಲ್ಲಿ ತೆಗೆಸಿದೆ. ಅದರಲ್ಲಿ ಬರೀ ಆರು ಸಾಲು, ಕೆಳಗೆ ಅಂಗಡಿಯ ಹೆಸರು.

ಹಂಚುವಾಗ ಮೊದಲ ದಿನವೇ ಒಂದು ತಪ್ಪು ಮಾಡಿದೆ. ಸಾಮಾನಿನ ಚೀಲದೊಳಗೇ ಕಾರ್ಡು ಹಾಕಿ ಕಳಿಸಿದೆ. ಅಚ್ಚು ಬೆಲ್ಲ ಸೆಕೆಗೆ ಜಿನುಗಿ, ಮೂರು ನಾಲ್ಕು ಮನೆಗೆ ಕಾರ್ಡು ಬೆಲ್ಲಕ್ಕೆ ಅಂಟಿಕೊಂಡೇ ಹೋಯಿತು. ಮರುದಿನದಿಂದ ಲಕೋಟೆಯ ಮೇಲೆ ಮನೆಯವರ ಹೆಸರು ಬರೆದು, ದುಡ್ಡಿನ ಚಿಲ್ಲರೆ ಕೊಟ್ಟಾದ ಮೇಲೆ ಬೇರೆಯಾಗಿ ಕೈಗೇ ಕೊಟ್ಟೆ. ಚಿಲ್ಲರೆ, ಬಿಲ್ಲಿನ ಜೊತೆ ಕೊಟ್ಟರೆ ಅದನ್ನೂ ರಸೀದಿಯ ಹಾಗೆ ಮಡಚಿ ಇಟ್ಟುಕೊಳ್ಳುತ್ತಾರೆ.

ತಲೆಬರಹ ಇಲ್ಲದ ಕಾರ್ಡುಗಳಲ್ಲಿ ಒಂದು, ಡಿಸೆಂಬರಿನಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಅಮ್ಮನವರಿಗೆ. ಅವರು ಕೌಂಟರಿನ ಹತ್ತಿರವೇ ನಿಂತು ಲಕೋಟೆ ಬಿಚ್ಚಿದರು. ಮೂರನೇ ಸಾಲಿನವರೆಗೆ ಮೆಲ್ಲಗೆ ಓದಿಕೊಂಡು, “ನಿಮ್ಮಪ್ಪ ತೂಗೋವಾಗ ನಮ್ಮನೆಯವರು ತಕ್ಕಡಿ ನೋಡ್ತಾನೇ ಇರ್ಲಿಲ್ಲ, ಅಲ್ವಾಪ್ಪಾ” ಅಂದರು. ಹೌದಮ್ಮಾ ಅಂದೆ. ಉಳಿದ ಮೂರು ಸಾಲು ಮನೆಗೆ ಹೋಗಿ ಓದುತ್ತೇನೆ ಅಂತ ಲಕೋಟೆಯನ್ನು ಸೆರಗಿನಲ್ಲಿ ಇಟ್ಟುಕೊಂಡರು.