ದುಬೈನಲ್ಲಿ ಪಾಸ್‌ಪೋರ್ಟ್ ರಿನ್ಯೂವಲ್: ಕೌಂಟರ್‌ನಲ್ಲಿ ಕೇಳುವ ಕಾಗದಗಳು, ನಾನು ಮಾಡಿದ ರೀತಿ

ಯುಎಇಯಲ್ಲಿ ಕೆಲಸ ಮಾಡುವವರು ಪಾಸ್‌ಪೋರ್ಟ್ ಮೇಲೆ ಅಚ್ಚಾಗಿರುವ ಕೊನೆಯ ದಿನಾಂಕವನ್ನು ನಂಬಿಕೊಂಡು ಕೂರುವಂತಿಲ್ಲ. ವೀಸಾ ನವೀಕರಿಸಬೇಕಾದರೆ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಊರಿಗೆ ಹೋಗಿ ಬರುವಾಗ ವಿಮಾನದವರೂ ಎಷ್ಟು ಅವಧಿ ಉಳಿದಿದೆ ಎಂದು ನೋಡುತ್ತಾರೆ. ಇತ್ತ ಭಾರತ ಸರ್ಕಾರ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಲೇ ಅರ್ಜಿ ತೆಗೆದುಕೊಳ್ಳುತ್ತದೆ. ಹಾಗಾಗಿ ನೆಮ್ಮದಿಯಿಂದ ಕೆಲಸ ಮುಗಿಸಿಕೊಳ್ಳಲು ನಮಗೆ ಸಿಗುವುದು ಮೊದಲ ಆರು ತಿಂಗಳು ಮಾತ್ರ. ವರ್ಷದ ಗಡಿ ದಾಟಿದ ಕೂಡಲೇ ನಾನು ಅರ್ಜಿ ಹಾಕಿದ್ದು ಇದೇ ಕಾರಣಕ್ಕೆ.

ದುಬೈ, ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾದಲ್ಲಿ ಇರುವವರ ಅರ್ಜಿ ದುಬೈನ ಭಾರತೀಯ ಕಾನ್ಸುಲೇಟ್‌ಗೆ ಸೇರುತ್ತದೆ. ಅಬುಧಾಬಿ, ಅಲ್ ಐನ್‌ನವರದು ಅಬುಧಾಬಿಯ ರಾಯಭಾರ ಕಚೇರಿಗೆ. ಆದರೆ ನಾವು ಹೋಗಿ ಕೂರುವುದು ಕಾನ್ಸುಲೇಟ್ ಒಳಗಲ್ಲ, ಅದು ಗುತ್ತಿಗೆ ಕೊಟ್ಟಿರುವ ಅರ್ಜಿ ಕೇಂದ್ರದಲ್ಲಿ. ಕೌಂಟರ್‌ನಲ್ಲಿ ಕೂತ ಹುಡುಗನಿಗೆ ಪಾಸ್‌ಪೋರ್ಟ್ ಕೊಡುವ ಅಧಿಕಾರ ಇಲ್ಲ. ಕಾಗದ ಸರಿಯಿದೆಯೇ ಎಂದು ನೋಡಿ ಒಳಗೆ ಕಳಿಸುವುದಷ್ಟೇ ಅವನ ಕೆಲಸ. ಹಳೆಯ ಪಾಸ್‌ಪೋರ್ಟನ್ನೂ ಹೊಸ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸುತ್ತಾನೆ. ಎರಡೂ ಒಂದೇ ಆಗಿದ್ದರೆ ಕೇಳುವ ಕಾಗದ ಬಹಳ ಕಡಿಮೆ. ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲಿ ‘ಇದಕ್ಕೆ ದಾಖಲೆ ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಏನೂ ಬದಲಾವಣೆ ಇಲ್ಲದವರು ಒಯ್ಯಬೇಕಾದದ್ದು ಇಷ್ಟು: ಮೂಲ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಝೆರಾಕ್ಸ್, ಎಮಿರೇಟ್ಸ್ ಐಡಿಯ ಎರಡೂ ಬದಿಯ ಝೆರಾಕ್ಸ್, ವೀಸಾದ ಪ್ರತಿ, ಆನ್‌ಲೈನ್‌ನಲ್ಲಿ ತುಂಬಿ ಪ್ರಿಂಟ್ ತೆಗೆದು ಸಹಿ ಹಾಕಿದ ಅರ್ಜಿ, ಫೋಟೊ, ಅಪಾಯಿಂಟ್‌ಮೆಂಟ್ ಕಾಗದ. ಆಧಾರ್ ಪ್ರತಿಯನ್ನೂ ಜೊತೆಗೆ ಇಟ್ಟುಕೊಳ್ಳಿ. ಊರಿನ ವಿಳಾಸದ ಪ್ರಶ್ನೆ ಬಂದರೆ ಅದೇ ಉತ್ತರ. ಮೂಲ ಪಾಸ್‌ಪೋರ್ಟ್ ಕಂಪನಿಯ ಆಫೀಸಿನಲ್ಲಿದ್ದರೆ ಅಪಾಯಿಂಟ್‌ಮೆಂಟ್‌ಗೆ ಮುಂಚೆಯೇ ಕೇಳಿ ಪಡೆಯಿರಿ. ನೌಕರನ ಪಾಸ್‌ಪೋರ್ಟನ್ನು ಕಂಪನಿ ಹಿಡಿದಿಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೆ ವಿರುದ್ಧ. ಕೊಡುವುದಿಲ್ಲ ಎಂದರೆ 800 46342ಕ್ಕೆ ಫೋನ್ ಮಾಡಬಹುದು. ಅದು ದುಬೈ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರು, ಕರೆಗೆ ದುಡ್ಡಿಲ್ಲ.

ಫೋಟೊ ಬಗ್ಗೆ ಒಂದು ಮಾತು. ಈಗ ಕೇಳುತ್ತಿರುವುದು ಅಂತರರಾಷ್ಟ್ರೀಯ ಅಳತೆಯ ಫೋಟೊ: ಹಿನ್ನೆಲೆ ಅಚ್ಚ ಬಿಳಿ, ಚೌಕಟ್ಟಿನ ಶೇ. 80ರಿಂದ 85ರಷ್ಟು ಜಾಗ ಮುಖವೇ, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಕನ್ನಡಕ ಬೇಡ. ಸ್ಟುಡಿಯೋಗೆ ಹೋಗಿ ‘ಇಂಡಿಯನ್ ಪಾಸ್‌ಪೋರ್ಟ್‌ಗೆ’ ಎಂದೇ ಹೇಳಿ. ಎಮಿರೇಟ್ಸ್ ಐಡಿಗೆ ತೆಗೆಸಿದ್ದ ಹಳೆಯ ಫೋಟೊ ನಡೆಯುತ್ತದೆಂದು ಒಯ್ದವರನ್ನು ವಾಪಸ್ ಕಳಿಸುವುದು ದಿನವೂ ನಡೆಯುತ್ತದೆ.

ಇನ್ನು ಅರ್ಜಿ. ವಿಳಾಸದ ಕೊನೆಗೆ passportindia.gov.in ಇರುವ ಸರ್ಕಾರಿ ತಾಣದಲ್ಲೇ ತುಂಬಬೇಕು. ಹೊಸದಾಗಿ ಲಾಗಿನ್ ಮಾಡಿಕೊಂಡು Re-issue of Passport ಆರಿಸಿ, ಕಾರಣ ಕೇಳುವಲ್ಲಿ ಅವಧಿ ಮುಗಿಯುತ್ತಿದೆ ಎಂಬುದನ್ನು ಒತ್ತಬೇಕು. ಏನಾದರೂ ಬದಲಾವಣೆ ಇದ್ದರೆ Change in Existing Personal Particulars ಎಂಬುದನ್ನೂ ಆರಿಸಿ, ಯಾವುದು ಬದಲಾಗುತ್ತಿದೆ ಎಂದು ಗುರುತು ಹಾಕಬೇಕು. ಗುರುತು ಹಾಕದೆ ಒಳಗೆ ಮಾತ್ರ ಹೊಸ ವಿವರ ತುಂಬಿದರೆ ಅರ್ಜಿಯನ್ನು ಮತ್ತೆ ಮೊದಲಿನಿಂದ ಮಾಡಿಸುತ್ತಾರೆ.

ಕ್ಯಾಂಪ್‌ನ ಬಹುಪಾಲು ಜನ ಟೈಪಿಂಗ್ ಸೆಂಟರ್‌ನಲ್ಲೇ ಫಾರ್ಮ್ ತುಂಬಿಸುತ್ತಾರೆ. ತಪ್ಪೇನಿಲ್ಲ, ಆದರೆ ಎರಡು ಕಡೆ ಕಣ್ಣಿಟ್ಟಿರಿ. ಮೊದಲನೆಯದು, ಅವರು ಬೇಗ ಮುಗಿಯಲಿ ಎಂದು ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ಹಾಕಿಬಿಡುತ್ತಾರೆ. ಆಮೇಲೆ ಅರ್ಜಿ ಎಲ್ಲಿಗೆ ಬಂತು, ಯಾವ ಕಾಗದ ಕಡಿಮೆ ಬಿದ್ದಿದೆ ಎಂಬ ಸಂದೇಶ ನಿಮಗೆ ಬರುವುದೇ ಇಲ್ಲ. ಎರಡನೆಯದು, ಅಡ್ಡಹೆಸರಿನ ಜಾಗ ಖಾಲಿ ಕಂಡರೆ ಅಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿಬಿಡುತ್ತಾರೆ. ನಿಮ್ಮ ಹಳೆಯ ಪಾಸ್‌ಪೋರ್ಟ್‌ನಲ್ಲಿ ಆ ಜಾಗ ಖಾಲಿ ಇದ್ದರೆ ಕೌಂಟರ್ ಪಾಲಿಗೆ ಅದು ಹೆಸರು ಬದಲಾವಣೆ. ಅಫಿಡವಿಟ್, ಪತ್ರಿಕೆ ಜಾಹೀರಾತು ಎಂದು ಬೇರೆಯೇ ದಾರಿ ಶುರುವಾಗುತ್ತದೆ.

ನಮ್ಮ ಕಡೆಯವರಲ್ಲಿ ಒಂದೇ ಹೆಸರಿನವರು ಬಹಳ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್‌ಗಳಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ನಿಲ್ಲಿಸಿದಾಗಿನಿಂದ ಎಲ್ಲರಿಗೂ ಅಡ್ಡಹೆಸರು ಸೇರಿಸಿಕೊಳ್ಳುವ ಅವಸರ. ರೆಸಿಡೆನ್ಸ್ ವೀಸಾ ಇದ್ದವರಿಗೆ ಆ ನಿಯಮ ಅಡ್ಡಿಯಾಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ವೀಸಾ ಮುಗಿಯುವ ದಿನ ಹತ್ತಿರ ಇರುವಾಗ ರಿನ್ಯೂವಲ್ ಜೊತೆ ಹೆಸರು ಬದಲಾವಣೆಯನ್ನು ಕೂಡಿಸಬೇಡಿ. ಹೆಸರು ಬದಲಾದರೆ ಎಮಿರೇಟ್ಸ್ ಐಡಿ, ಲೇಬರ್ ಕಾಂಟ್ರಾಕ್ಟ್, ಬ್ಯಾಂಕ್ ಎಲ್ಲವನ್ನೂ ತಿದ್ದಿಸಬೇಕು. ಕೈಯಲ್ಲಿ ಸಮಯ ಇದ್ದವರು ಮಾಡಿಸಿಕೊಳ್ಳಲಿ. ನಾನು ಹೆಸರು ಮುಟ್ಟಲಿಲ್ಲ.

ನಾನು ಬದಲಿಸಿದ್ದು ಎರಡು: ಹೆಂಡತಿಯ ಹೆಸರು ಸೇರಿಸಿದ್ದು, ಇಸಿಆರ್ ತೆಗೆಸಿದ್ದು. ಹಳೆಯ ಪುಸ್ತಕ ಮದುವೆಗೆ ಮುಂಚಿನದು, ಬೆಂಗಳೂರಿನಲ್ಲಿ ಕೊಟ್ಟದ್ದು. ಹೆಂಡತಿಯ ಹೆಸರಿಗೆ ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ ಕೊಟ್ಟೆ. ಆ ಪತ್ರದಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇದೆಯೇ ಎಂದು ಅರ್ಜಿಗೆ ಮುಂಚೆ ನೋಡಿಕೊಳ್ಳಬೇಕು. ಕೊನೆಯಲ್ಲಿ ಒಂದು ‘a’ ಹೆಚ್ಚುಕಡಿಮೆ ಆಗುವುದು ಕನ್ನಡ ಹೆಸರುಗಳಲ್ಲಿ ಸಾಮಾನ್ಯ. ಹೆಂಡತಿಯ ಹೆಸರನ್ನು ಅವಳ ಆಧಾರ್‌ನಲ್ಲಿ ಇದ್ದಂತೆ ಬರೆಯಿರಿ. ಮುಂದೆ ಅವಳೂ ಪಾಸ್‌ಪೋರ್ಟ್ ಮಾಡಿಸಿದಾಗ ಎರಡೂ ಹೊಂದಬೇಕಲ್ಲ.

ಇಸಿಆರ್ ಎಂದರೆ ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಷನ್ ಅನುಮತಿ ಬೇಕೆಂಬ ಗುರುತು. ಊರಿಗೆ ಹೋಗಿ ಹೊಸ ಕಂಪನಿಯ ವೀಸಾದಲ್ಲಿ ಮತ್ತೆ ಹೊರಡುವಾಗ ಇದು ಕಾಡುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಮೂಲ ಅಂಕಪಟ್ಟಿ ಮತ್ತು ಒಂದು ಪ್ರತಿ ಸಾಕು. ಎಸ್ಸೆಸ್ಸೆಲ್ಸಿ ಆಗದವರಿಗೂ ದಾರಿ ಇದೆ, ಇದು ಕ್ಯಾಂಪ್‌ನಲ್ಲಿ ಎಷ್ಟೋ ಜನಕ್ಕೆ ತಿಳಿದಿಲ್ಲ: ಒಟ್ಟು ಮೂರು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದವರು ಇಸಿಆರ್ ಇಲ್ಲದ ವರ್ಗಕ್ಕೆ ಸೇರುತ್ತಾರೆ. ಆ ಮೂರು ವರ್ಷ ಒಂದೇ ಸಲದ್ದಾಗಬೇಕಿಲ್ಲ, ಮಧ್ಯೆ ಊರಿಗೆ ಹೋಗಿದ್ದರೂ ನಡೆಯುತ್ತದೆ. ಅದಕ್ಕೆ ಪುರಾವೆಯಾಗಿ ಹಳೆಯ ವೀಸಾಗಳ ಪ್ರತಿ, ಬಂದುಹೋದ ಮೊಹರು ಇರುವ ಪುಟಗಳ ಪ್ರತಿ ಕೊಡಬೇಕು. 2022ರ ನಂತರ ಯುಎಇ ಪಾಸ್‌ಪೋರ್ಟ್‌ನೊಳಗೆ ವೀಸಾ ಸ್ಟಿಕರ್ ಅಂಟಿಸುವುದನ್ನು ನಿಲ್ಲಿಸಿದೆ, ಆದ್ದರಿಂದ ಹೊಸಬರು ಎಲೆಕ್ಟ್ರಾನಿಕ್ ವೀಸಾ ಪ್ರಿಂಟ್ ತೆಗೆದಿಟ್ಟುಕೊಳ್ಳಬೇಕು. ಅರ್ಜಿಯಲ್ಲಿ Non-ECR ಪ್ರಶ್ನೆಗೆ ಹೌದು ಎಂದು ಗುರುತು ಹಾಕುವುದನ್ನು ಮರೆತರೆ ಎಷ್ಟು ಕಾಗದ ಕೊಟ್ಟರೂ ಹೊಸ ಪುಸ್ತಕದಲ್ಲಿ ಇಸಿಆರ್ ಹಾಗೆಯೇ ಬರುತ್ತದೆ.

ಹೆಚ್ಚು ಜನ ಸಿಕ್ಕಿಕೊಳ್ಳುವುದು ಊರಿನ ವಿಳಾಸದಲ್ಲಿ. ನನ್ನ ಊರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಜಿಲ್ಲೆ ಬಳ್ಳಾರಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ನಮ್ಮ ತಾಲ್ಲೂಕು ಅದಕ್ಕೆ ಸೇರಿತು. ಅರ್ಜಿಯಲ್ಲಿ ತುಂಬುವ ಜಿಲ್ಲೆ, ಪೊಲೀಸ್ ಠಾಣೆ ಬರೀ ವಿಳಾಸವಲ್ಲ. ಪೊಲೀಸ್ ಪರಿಶೀಲನೆಯ ಕಾಗದ ಹೋಗುವುದು ಅಲ್ಲಿಗೆ. ಬಳ್ಳಾರಿ ಎಂದು ಆರಿಸಿದರೆ ಕಾಗದ ಬಳ್ಳಾರಿ ಎಸ್ಪಿ ಕಚೇರಿ ಸುತ್ತಬೇಕಾಗುತ್ತದೆ. ಹಾಗಾಗಿ ಈಗಿನ ವಿಳಾಸದಲ್ಲಿ ವಿಜಯನಗರ ಎಂದೇ ಬರೆದೆ, ಆಧಾರ್‌ನಲ್ಲೂ ಅಷ್ಟರೊಳಗೆ ಅದೇ ಆಗುವಂತೆ ನೋಡಿಕೊಂಡಿದ್ದೆ.

ಜನ್ಮಸ್ಥಳಕ್ಕೆ ಮಾತ್ರ ಇದೇ ತರ್ಕ ಹಚ್ಚಬೇಡಿ. ಅಲ್ಲಿ ಹಳೆಯ ಪುಸ್ತಕದಲ್ಲಿ BELLARY ಎಂದು ಅಚ್ಚಾಗಿದ್ದರೆ ಅದನ್ನೇ ಬರೆಯಿರಿ. 2014ರಲ್ಲಿ ಊರುಗಳ ಹೆಸರು ಬದಲಾಗಿವೆ, ಬೆಳಗಾವಿ, ಮಂಗಳೂರು, ಕಲಬುರಗಿ ಎಲ್ಲದರ ಇಂಗ್ಲಿಷ್ ಸ್ಪೆಲ್ಲಿಂಗ್ ಹೊಸದು, ನಿಜ. ಆದರೆ ಟೈಪ್ ಮಾಡುವವನು BALLARI ಎಂದು ತಿದ್ದಿದರೆ ಕೌಂಟರ್‌ಗೆ ಅದು ಜನ್ಮಸ್ಥಳ ಬದಲಾವಣೆಯ ಹಾಗೆ ಕಾಣುತ್ತದೆ. ಅಪ್ಪನ ಹೆಸರು, ಜನ್ಮದಿನಾಂಕಕ್ಕೂ ಇದೇ ಮಾತು.

ಅರ್ಜಿ ಕೊಟ್ಟ ಕೂಡಲೇ ಮನೆಯವರಿಗೆ ಹೇಳಿಡಿ. ಠಾಣೆಯಿಂದ ಬಂದವರು ‘ಅಂಥವರು ಇಲ್ಲಿದ್ದಾರೆಯೇ?’ ಎಂದಾಗ ಮನೆಯಲ್ಲಿ ಯಾರೋ ‘ಇಲ್ಲ ಸಾರ್’ ಎಂದುಬಿಟ್ಟರೆ ವರದಿ ಅಲ್ಲೇ ಕೆಡುತ್ತದೆ. ‘ದುಬೈನಲ್ಲಿ ಕೆಲಸಕ್ಕಿದ್ದಾನೆ, ಇದೇ ಅವನ ಮನೆ’ ಎಂದು ಹೇಳಿ ಆಧಾರ್, ರೇಷನ್ ಕಾರ್ಡ್ ತೋರಿಸಬೇಕು. ಅರ್ಜಿಯಲ್ಲಿ ಊರಿನ ಫೋನ್ ನಂಬರ್ ಕೊಡುವಾಗ ಮನೆಯಲ್ಲೇ ಇರುವವರದ್ದು ಕೊಡಿ, ಬೆಂಗಳೂರಿನಲ್ಲಿರುವ ತಮ್ಮನದ್ದಲ್ಲ.

ಅರ್ಜಿ ನಡೆಯುತ್ತಿರುವಾಗ ಟಿಕೆಟ್ ಬುಕ್ ಮಾಡಬೇಡಿ. ಹೊಸ ಪುಸ್ತಕ ಕೈಗೆ ಬಂದಾಗ ಕೌಂಟರ್ ಬಿಡುವ ಮುಂಚೆಯೇ ಹೆಸರು, ಜನ್ಮದಿನಾಂಕ, ಅಪ್ಪ, ಅಮ್ಮ, ಹೆಂಡತಿಯ ಹೆಸರು, ಪಿನ್‌ಕೋಡ್ ಓದಿ, ಇಸಿಆರ್ ಹೋಗಿದೆಯೇ ನೋಡಿ. ಆಮೇಲೆ ಕಂಪನಿಯ ಪಿಆರ್‌ಒಗೆ ಪ್ರತಿ ಕೊಟ್ಟು ವೀಸಾ ಫೈಲ್‌ನಲ್ಲಿ ಹೊಸ ನಂಬರ್ ಹಾಕಿಸಬೇಕು: ದುಬೈ ವೀಸಾ ಇದ್ದವರಿಗೆ ಅದನ್ನು ಮಾಡುವ ವಲಸೆ ಇಲಾಖೆ ಜಿಡಿಆರ್‌ಎಫ್‌ಎ, ಬೇರೆ ಎಮಿರೇಟ್‌ನವರಿಗೆ ಐಸಿಪಿ. ಇದು ಆಗುವ ತನಕ ಪ್ರಯಾಣ ಮಾಡಲೇಬೇಕಾದರೆ ರದ್ದು ಮಾಡಿ ವಾಪಸ್ ಕೊಟ್ಟ ಹಳೆಯ ಪಾಸ್‌ಪೋರ್ಟನ್ನೂ ಹೊಸದರ ಜೊತೆ ಇಟ್ಟುಕೊಳ್ಳಿ, ಏಕೆಂದರೆ ವೀಸಾ ದಾಖಲೆಯಲ್ಲಿ ಇನ್ನೂ ಇರುವುದು ಅದರ ನಂಬರೇ. ಬ್ಯಾಂಕ್‌ಗೂ ಹೊಸ ಪ್ರತಿ ಕೊಡಿ, ಇಲ್ಲದಿದ್ದರೆ ಸಂಬಳ ಬೀಳುವ ಖಾತೆಯ ಮೇಲೆ ತಡೆ ಬೀಳಬಹುದು.