ಬಿದ್ರಿಯ ಕಪ್ಪಿಗೆ ಒಗ್ಗದ ಫೇಡೆಡ್ ಮ್ಯಾಟ್

ಬೀದರಿನ ಬಿದ್ರಿ ಅಂಗಡಿಯೊಂದರ ಜಾಹೀರಾತು ಚಿತ್ರದ ಬಣ್ಣ ತಿದ್ದಿ ಗ್ರೇಡ್ ಮಾಡಲು ಒಪ್ಪಿಕೊಂಡಾಗ, ಏಜೆನ್ಸಿಯವರು ಬರೆದು ಕಳಿಸಿದ್ದು ಮೂರೇ ಮಾತು: ಮ್ಯೂಟೆಡ್ ಟೀಲ್, ಫೇಡೆಡ್ ಮ್ಯಾಟ್, ಹೈ ಕಾಂಟ್ರಾಸ್ಟ್. ಬರೆದವರು ಬಿದ್ರಿ ಹೂಜಿಯನ್ನು ಕೈಯಲ್ಲಿ ಹಿಡಿದವರಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಮ್ಯಾಟ್ ಎಂದರೆ ಕಪ್ಪನ್ನು ಬೂದುಬಣ್ಣಕ್ಕೆ ಎತ್ತುವುದು. ಬಿದ್ರಿಯಲ್ಲಾದರೋ ಕಪ್ಪೇ ಸರಕು.

ಆದರೂ ಮೊದಲು ಹೇಳಿದಂತೆಯೇ ಮಾಡಿದೆ. ಬಣ್ಣ ತಿದ್ದುವ ತಂತ್ರಾಂಶ ರಿಸಾಲ್ವ್‌ನಲ್ಲಿ ಕರ್ವ್‌ನ ಕೆಳತುದಿಯನ್ನು ಎತ್ತಿ, ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನ 0ಯಿಂದ 1023ರವರೆಗಿನ ಮಾಪನದಲ್ಲಿ ಕಪ್ಪನ್ನು 90ರ ಸುತ್ತ ನಿಲ್ಲಿಸಿ, ಮೇಲ್ತುದಿಯನ್ನೂ ಇಳಿಸಿ, ನೆರಳಿಗೆಲ್ಲ ಹಸಿರು-ನೀಲಿಯ ಟೀಲ್ ಬೆರೆಸಿದೆ. ಅಂಗಡಿಯ ಮಾಲೀಕರು ನೋಡಿ, "ಇದೇನ್ರೀ, ಬೂದಿ ಬಳದಂಗ ಕಾಣ್ಲಾಕತ್ತದ, ಬೆಳ್ಳಿ ಅಲ್ಯೂಮಿನಿಯಂ ಆಗ್ಯದ" ಎಂದರು. ಅವರ ಮಾತು ಸರಿಯಾಗಿತ್ತು. ಹಿನ್ನೆಲೆಯ ಜಂಬಿಟ್ಟಿಗೆ ಗೋಡೆಯ ಕೆಂಪು ಕೂಡ ನೆರಳಿರುವಲ್ಲೆಲ್ಲ ಟೀಲ್ ತಗುಲಿ ಕೆಸರಾಗಿತ್ತು.

ಮ್ಯಾಟ್ ಮತ್ತು ಕಾಂಟ್ರಾಸ್ಟ್ ಪರಸ್ಪರ ವಿರುದ್ಧವೆಂದು ತೋರಿದರೂ ಒಂದೇ ಕರ್ವ್‌ನಲ್ಲಿ ಕೂಡಬಲ್ಲವು: ತುದಿಯನ್ನು ಸ್ವಲ್ಪವೇ ಎತ್ತಿಟ್ಟು, ನಡುಭಾಗದ ಏರನ್ನು ಕಡಿದಾಗಿಸಿದರೆ ಸಾಕು. ಹಾಗಾಗಿ ಇಡೀ ಚಿತ್ರಕ್ಕೆ ಕಪ್ಪನ್ನು 50ಕ್ಕೆ ನಿಲ್ಲಿಸಿ, ಮೇಲ್ತುದಿಯನ್ನು ಇಳಿಸದೆ ಬಿಟ್ಟೆ. ಹೂಜಿಯನ್ನು ಮಾತ್ರ ಪವರ್ ವಿಂಡೋದಲ್ಲಿ ಸುತ್ತುವರಿದು ಟ್ರ್ಯಾಕ್ ಮಾಡಿ, ಅದರೊಳಗಿನ ಕಡುಗಪ್ಪನ್ನಷ್ಟೇ ಲ್ಯೂಮಾ ಕ್ವಾಲಿಫೈಯರ್‌ನಿಂದ ಆರಿಸಿ, 15ರ ಹತ್ತಿರಕ್ಕೆ ಇಳಿಸಿದೆ. ಕ್ವಾಲಿಫೈಯರ್ ಇಲ್ಲದೆ ವಿಂಡೋ ಒಂದನ್ನೇ ನೆಚ್ಚಿದ್ದಾಗ, ಹೂಜಿ ಹಿಡಿದ ಕಲಾವಿದರ ಬೆರಳುಗಳೂ ಕಪ್ಪಿಟ್ಟಿದ್ದವು. ಟೀಲ್ ಕಪ್ಪಿಗೆ ಹತ್ತಿದೆಯೇ ಎಂಬುದು ಕಣ್ಣಿಗಿಂತ, ಕೆಂಪು, ಹಸಿರು, ನೀಲಿಗಳ ಮಟ್ಟವನ್ನು ಬೇರೆಬೇರೆಯಾಗಿ ತೋರಿಸುವ ಪೆರೇಡ್‌ನಲ್ಲಿ ಬೇಗ ತಿಳಿಯುತ್ತದೆ: ಹೂಜಿಯ ಜಾಗದಲ್ಲಿ ಹಸಿರು, ನೀಲಿಗಳ ತಳ ಕೆಂಪಿಗಿಂತ ಮೇಲಿದ್ದರೆ ಹತ್ತಿದೆ ಎಂದರ್ಥ. ಮೂರರ ತಳವೂ ಸಮನಾಗುವವರೆಗೆ, ಹೂಜಿಯನ್ನಷ್ಟೇ ತಿದ್ದುವ ಹಂತದಲ್ಲಿ, ಅಂದರೆ ಆ ನೋಡ್‌ನಲ್ಲಿ, ಟೀಲ್ ಕಳೆದೆ. ಗೋಡೆಯ ಕೆಂಪನ್ನು ಬೇರೆ ಕ್ವಾಲಿಫೈಯರ್‌ನಿಂದ ಉಳಿಸಿಕೊಂಡ ಮೇಲೆ ಟೀಲ್ ಉಳಿದದ್ದು ಬಾಗಿಲಾಚೆಯ ಕತ್ತಲೆಯಲ್ಲಿ ಮತ್ತು ನೆಲದ ನೆರಳಲ್ಲಿ ಮಾತ್ರ. ಅಷ್ಟಕ್ಕೇ ಕೈಯ ಬಣ್ಣ ಬೆಚ್ಚಗೆ ಎದ್ದು ಬಂತು.

ಹೂಜಿಯನ್ನು ಅದ್ದಿ ಕಪ್ಪಾಗಿಸುವ ಒಂದು ಶಾಟ್‌ನಲ್ಲಿ ಈ ಉಪಾಯವೂ ಸಾಲಲಿಲ್ಲ. ಕೋಟೆಯ ಮಣ್ಣು, ನವಸಾಗರ ಬೆರೆಸಿದ ಕುದಿನೀರಿನಲ್ಲಿ ಅದ್ದಿದಾಗ ಸತುವು-ತಾಮ್ರದ ಮೈ ಕಪ್ಪಾಗಿ, ಬೆಳ್ಳಿಯ ಕೆತ್ತನೆ ಬೆಳ್ಳಿಯಾಗಿಯೇ ಉಳಿಯುತ್ತದೆ. ಅದ್ದುವ ಮೊದಲು ಮೈ ಬೂದುಬಣ್ಣದ್ದು. ಮ್ಯಾಟ್ ಇದ್ದರೆ ಹೊರಬಂದ ಹೂಜಿಯೂ ಬೂದಾಗಿಯೇ ಕಂಡು, ನೋಡುವವರಿಗೆ ಏನೂ ಬದಲಾಗಿಲ್ಲವೆಂದೇ ತೋರುತ್ತಿತ್ತು. ಹಬೆಯ ಹಿಂದೆ ಹೂಜಿ ಸರಿಯುವುದರಿಂದ ವಿಂಡೋದ ಟ್ರ್ಯಾಕೂ ನಿಲ್ಲಲಿಲ್ಲ. ಆ ನಾಲ್ಕು ಸೆಕೆಂಡಿಗೆ ಮ್ಯಾಟ್ ನೋಡನ್ನೇ ಆಫ್ ಮಾಡಿದೆ. ಪಕ್ಕದ ಶಾಟ್‌ಗಳಿಗೂ ಇದಕ್ಕೂ ಕಪ್ಪು ಹೊಂದುವುದಿಲ್ಲವೆಂದು ಏಜೆನ್ಸಿಯವರು ಆಕ್ಷೇಪಿಸಿದರು. ಮಾಲೀಕರು ಒಪ್ಪಲಿಲ್ಲ, ಆ ಶಾಟ್ ಹಾಗೆಯೇ ಹೋಯಿತು.